ಭಾವನ ತೂಕ ಮತ್ತು ಗಡಿಯಾರದ ಲೆಕ್ಕ

ಜೀವಿಯೊಂದು ಒಳಗೊಳಗೇ ಎಷ್ಟು ಉರಿಯುತ್ತದೆ ಎಂದು ಅಳೆಯುವ ಹಠ ಹಳೆಯದು. 1780ರ ದಶಕದಲ್ಲಿ ಫ್ರಾನ್ಸಿನ ಲಾವೊಸಿಯೆ ತನ್ನ ಗೆಳೆಯ ಲಾಪ್ಲಾಸ್ ಜೊತೆ ಸೇರಿ ಒಂದು ಗಿನಿಯಿಲಿಯನ್ನು ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಕೂರಿಸಿದ. ಸುತ್ತಲಿನ ಮಂಜು ಎಷ್ಟು ಕರಗಿ ನೀರಾಯಿತೋ ಅಷ್ಟು ಶಾಖ ಅದರ ಮೈಯಿಂದ ಹೊರಟಿತು ಎಂಬುದು ಲೆಕ್ಕ. ಮುಂದೆ ತನ್ನ ಸಹಾಯಕ ಸೆಗ್ಯೂನನ ಮುಖಕ್ಕೆ ಮುಸುಕು ಬಿಗಿದು, ಕಾಲಿನಿಂದ ಪೆಡಲು ಒತ್ತಿಸಿ, ಕೆಲಸ ಮಾಡುವಾಗ ಅವನು ಎಷ್ಟು ಹೆಚ್ಚು ಆಮ್ಲಜನಕ ಎಳೆದುಕೊಳ್ಳುತ್ತಾನೆಂದು ನೋಡಿದ. ಲಾವೊಸಿಯೆಯ ಹೆಂಡತಿ ಮರಿ-ಆ್ಯನ್ ಮೂಲೆಯ ಮೇಜಿನ ಬಳಿ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿರುವ ಚಿತ್ರವನ್ನು ಆಕೆಯೇ ಬರೆದಿಟ್ಟಿದ್ದಾಳೆ. ಒಬ್ಬ ಉಸಿರಾಡಿದ, ಒಬ್ಬ ಅಳೆದ, ಒಬ್ಬಳು ಬರೆದಳು. ಇಷ್ಟು ಜನ ಬೇಕಾಗಿದ್ದ ಕೆಲಸವನ್ನು ಈಗ ನಮ್ಮ ಭಾವನವರ ಎಡಗೈಯ ಮಣಿಕಟ್ಟಿನ ಮೇಲಿರುವ ಒಂದು ಕರಿಯ ಪಟ್ಟಿ ಒಬ್ಬಂಟಿಯಾಗಿ ಮಾಡುತ್ತದೆ. ಮಾಡುತ್ತದೆ ಎಂದು ಭಾವ ನಂಬಿದ್ದಾರೆ.

ಸೆಗ್ಯೂನನ ಮುಸುಕಿನ ಕಾಲದಿಂದ ಇವತ್ತಿನ ಪ್ರಯೋಗಾಲಯದವರೆಗೆ ಮೂಲ ಉಪಾಯ ಬದಲಾಗಿಲ್ಲ. ಮೈ ಒಂದು ಲೀಟರ್ ಆಮ್ಲಜನಕ ಬಳಸಿದರೆ ಸುಮಾರು ಐದು ಕ್ಯಾಲೊರಿ ಖರ್ಚಾಯಿತು ಎಂದರ್ಥ. (ಆಹಾರದ ಪೊಟ್ಟಣದ ಮೇಲಿರುವ ಅದೇ ಕ್ಯಾಲೊರಿ, ವಿಜ್ಞಾನದವರು ಇದನ್ನು ಕಿಲೋಕ್ಯಾಲೊರಿ ಎನ್ನುತ್ತಾರೆ, ನಾವು ನೀವು ಅಷ್ಟು ದೂರ ಹೋಗುವುದು ಬೇಡ.) ಹಾಗಾಗಿ ಖರ್ಚು ತಿಳಿಯಬೇಕಾದರೆ ಉಸಿರನ್ನು ಹಿಡಿಯಬೇಕು. ಮಣಿಕಟ್ಟಿನ ಪಟ್ಟಿಗೆ ಮೂಗೂ ಇಲ್ಲ, ಬಾಯಿಯೂ ಇಲ್ಲ. ಅದರ ಹೊಟ್ಟೆಯಲ್ಲಿರುವುದು ಕೈ ಎಷ್ಟು ಅಲುಗಿತು ಎಂದು ಹೇಳುವ ಒಂದು ಚಿಪ್, ಚರ್ಮದ ಕೆಳಗೆ ರಕ್ತ ಹರಿದಾಗ ಬೆಳಕು ಹೆಚ್ಚುಕಮ್ಮಿಯಾಗುವುದನ್ನು ನೋಡಿ ನಾಡಿ ಎಣಿಸುವ ಒಂದು ಹಸಿರು ದೀಪ. ಮೂರನೆಯದು, ಕೊಂಡ ದಿನ ನಾವೇ ಫೋನಿನಲ್ಲಿ ತುಂಬಿಸಿದ ತೂಕ, ಎತ್ತರ, ವಯಸ್ಸು, ಗಂಡೋ ಹೆಣ್ಣೋ ಎಂಬ ವಿವರ. ಮದುವೆ ಮನೆಯ ಅಡುಗೆ ಭಟ್ಟರು ಬಂದವರ ತಲೆ ಎಣಿಸಿ ಇಷ್ಟು ಸೇರು ಅಕ್ಕಿ ಎಂದು ಹೇಳುವಂತೆ, ಗಡಿಯಾರವೂ ಈ ಮೂರರಿಂದ ಒಂದು ಅಂದಾಜು ಹೇಳುತ್ತದೆ. ಭಟ್ಟರು "ಹೆಚ್ಚುಕಮ್ಮಿ" ಎಂಬ ಮಾತು ಸೇರಿಸುತ್ತಾರೆ. ಗಡಿಯಾರ 262 ಎಂದು ಖಂಡಿತವಾಗಿ ಹೇಳುತ್ತದೆ, ಒಂದು ಆಚೆಯಿಲ್ಲ, ಒಂದು ಈಚೆಯಿಲ್ಲ.

ಈ 262 ಭಾವನದು. ನಾವಿಬ್ಬರೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತೇವೆ. ಒಂದೇ ಹೊತ್ತಿಗೆ ಹೊರಟು, ಒಂದೇ ಹೊತ್ತಿಗೆ ಮುಗಿಸಿ, ಒಂದು ಗಂಟೆಯಲ್ಲಿ ಐದು ಕಿಲೋಮೀಟರು. ಇಬ್ಬರ ಕೈಯಲ್ಲೂ ಒಂದೇ ಕಂಪನಿಯ ಪಟ್ಟಿ, ಅಕ್ಕನ ಮಗ ಒಟ್ಟಿಗೆ ತಂದುಕೊಟ್ಟದ್ದು. ಆದರೂ ಕೊನೆಯಲ್ಲಿ ಭಾವನದು 262, ನನ್ನದು 203. "ನೋಡಯ್ಯಾ, ನೀನು ನಡೆಯೋದು ಅಲ್ಲ, ತೇಲೋದು" ಎಂದು ಭಾವ ನಗುತ್ತಾರೆ. ನಾನು ಲೆಕ್ಕದ ಮೇಷ್ಟ್ರಾಗಿದ್ದವನಲ್ಲ, ಬ್ಯಾಂಕಿನಲ್ಲಿದ್ದವನು. ಆದರೂ ಎರಡು ಖಾತೆ ತಾಳೆಯಾಗದಿದ್ದರೆ ನಿದ್ದೆ ಬರದ ರೋಗ ಉಳಿದುಕೊಂಡಿದೆ.

ತಾಳೆ ನೋಡೋಣ. ಲೆಕ್ಕದ ಬುಡದಲ್ಲಿರುವುದು ಒಂದು ಬಹಳ ಸರಳವಾದ ಒಪ್ಪಂದ: ಮನುಷ್ಯ ಸುಮ್ಮನೆ ಕೂತರೆ, ಒಂದು ಕಿಲೋ ಮೈತೂಕಕ್ಕೆ ಒಂದು ಗಂಟೆಗೆ ಒಂದು ಕ್ಯಾಲೊರಿ. ಇದಕ್ಕೆ ಮೆಟ್ ಎಂದು ಹೆಸರು. ಆಮೇಲೆ ಯಾವ ಕೆಲಸ ಇದರ ಎಷ್ಟು ಪಟ್ಟು ಎಂದು ಒಂದು ದೊಡ್ಡ ಪಟ್ಟಿಯೇ ಇದೆ. ಅಮೆರಿಕದ ಬಾರ್ಬರಾ ಏನ್ಸ್‌ವರ್ತ್ ಮತ್ತು ಜೊತೆಗಾರರು 1993ರಲ್ಲಿ ಮೊದಲು ಪ್ರಕಟಿಸಿ, ಆಮೇಲೆ ಮತ್ತೆ ಮತ್ತೆ ತಿದ್ದಿದ ಪಟ್ಟಿ ಅದು. ಪಾತ್ರೆ ತೊಳೆಯುವುದರಿಂದ ಹಿಡಿದು ಗುಡ್ಡ ಹತ್ತುವವರೆಗೆ ಎಲ್ಲಕ್ಕೂ ಒಂದು ಅಂಕಿ. ಸಮತಟ್ಟು ನೆಲದಲ್ಲಿ ನಮ್ಮ ಐದು ಕಿಲೋಮೀಟರ್ ವೇಗದ ನಡಿಗೆಗೆ ಅದರ 2011ರ ಆವೃತ್ತಿಯಲ್ಲಿ ಮೂರೂವರೆ ಪಟ್ಟು. ನನ್ನ ತೂಕ 58 ಕಿಲೋ. 58ನ್ನು ಮೂರೂವರೆಯಿಂದ ಗುಣಿಸಿದರೆ 203. ನನ್ನ ಗಡಿಯಾರದ ಗುಟ್ಟು ಅಲ್ಲಿಗೆ ಬಯಲಾಯಿತು. ಬೇರೆ ಬೇರೆ ಕಂಪನಿಗಳು ಇದಕ್ಕೆ ತಮ್ಮ ತಮ್ಮ ಒಗ್ಗರಣೆ ಹಾಕುತ್ತವೆ, ಸೂತ್ರವನ್ನು ಹೊರಗೆ ಬಿಡುವುದಿಲ್ಲ. ಆದರೆ ಇಷ್ಟು ಅಗ್ಗದ ಪಟ್ಟಿಗೆ ಒಗ್ಗರಣೆಯೂ ಅಷ್ಟಕ್ಕಷ್ಟೆ.

ಈ 203ರಲ್ಲಿ ಮೊದಲ ಗೋಲ್‌ಮಾಲ್ ಅಡಗಿದೆ. ಅದು ತೂಕದ್ದೂ ಅಲ್ಲ, ಯಂತ್ರದ್ದೂ ಅಲ್ಲ, ಜಮಾಖರ್ಚಿನದು. ಆ ಒಂದು ಗಂಟೆ ನಾನು ಕೆರೆಗೆ ಹೋಗದೆ ಜಗಲಿಯಲ್ಲಿ ಪತ್ರಿಕೆ ಓದುತ್ತಾ ಕೂತಿದ್ದರೂ 58 ಕ್ಯಾಲೊರಿಯ ಆಸುಪಾಸು ಖರ್ಚಾಗಿಯೇ ಆಗುತ್ತಿತ್ತು. ಹೃದಯ ಬಡಿಯಬೇಕು, ಮೈ ಬೆಚ್ಚಗಿರಬೇಕು, ಯಾವುದೂ ಪುಕ್ಕಟೆಯಲ್ಲ. ಆದ್ದರಿಂದ ನಡಿಗೆಯಿಂದಲೇ ಆದ ಹೆಚ್ಚುವರಿ ಖರ್ಚು 203ರಲ್ಲಿ 58 ಕಳೆದು ಉಳಿದ 145 ಮಾತ್ರ. ಇದನ್ನು ನೆನಪಿಟ್ಟುಕೊಳ್ಳಲು ಸುಲಭದ ಇನ್ನೊಂದು ದಾರಿಯಿದೆ: ಸಮತಟ್ಟು ದಾರಿಯಲ್ಲಿ ಸಾಧಾರಣ ವೇಗದಲ್ಲಿ ನಡೆದರೆ, ಕಿಲೋಮೀಟರಿಗೆ, ಕಿಲೋ ತೂಕಕ್ಕೆ ಅರ್ಧ ಕ್ಯಾಲೊರಿ. ಐದು ಕಿಲೋಮೀಟರು, 58 ಕಿಲೋ, ಅರ್ಧ, ಮತ್ತೆ 145. ಓಡಿದರೆ ಅರ್ಧದ ಬದಲು ಸುಮಾರು ಒಂದು.

ದಿನದ ಊಟದ ಲೆಕ್ಕ ಇಡುವ ಆ್ಯಪಿನಲ್ಲಿ "ನಿಮಗೆ ದಿನಕ್ಕೆ ಇಷ್ಟು" ಎಂದು ಮೊದಲೇ ಕೊಟ್ಟಿರುವ ಮೊತ್ತದಲ್ಲಿ ಆ 58 ಸೇರಿಕೊಂಡಿರುತ್ತದೆ. ಅದರ ಮೇಲೆ ಗಡಿಯಾರದ 203ನ್ನೂ ಜಮಾ ಮಾಡಿಕೊಂಡರೆ ಒಂದೇ ಚೆಕ್ಕನ್ನು ಎರಡು ಸಲ ನಗದು ಮಾಡಿದಂತಾಯಿತು. ಇದನ್ನು ಭಾವನಿಗೆ ಹೋಟೆಲಿನಲ್ಲಿ ವಿವರಿಸಿದೆ. ಅವರು ಮಸಾಲೆ ದೋಸೆಯ ಕೊನೆಯ ಚೂರನ್ನು ಚಟ್ನಿಯಲ್ಲಿ ಅದ್ದುತ್ತಾ, "ಅಂದರೆ ಕೂತಿದ್ದರೂ ಖರ್ಚಾಗುತ್ತೆ ಅಂತ ನೀನೇ ಹೇಳ್ತಿದ್ದೀಯಲ್ಲ, ಮತ್ತೆ ನಾವು ಯಾಕೆ ನಡೀಬೇಕು?" ಎಂದರು. ಕೆಲವು ಗಡಿಯಾರಗಳು "ಒಟ್ಟು" ಎಂದೊಂದು, "ಚಟುವಟಿಕೆಯದು" ಎಂದೊಂದು, ಎರಡು ಅಂಕಿ ತೋರಿಸುತ್ತವೆ. ಎರಡರಲ್ಲಿ ಚಿಕ್ಕದನ್ನು ನಂಬುವುದು ಕ್ಷೇಮ. ನಮ್ಮ ಪಟ್ಟಿ ನಡಿಗೆ ಮುಗಿದಾಗ ತೋರಿಸುವುದು ದೊಡ್ಡದನ್ನೇ. ಅಂಗಡಿಯಲ್ಲಿ ಮಾರಾಟವಾಗುವುದೂ ಅದೇ.

ಈಗ ಗಾತ್ರದ ವಿಷಯ. ಭಾವನ ನಿಜವಾದ ತೂಕ 92 ಕಿಲೋ. ಹಾಗಿದ್ದರೆ ಗಡಿಯಾರ 322 ತೋರಿಸಬೇಕಿತ್ತು, 262 ಏಕೆ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಅದಕ್ಕಿಂತ ದೊಡ್ಡ ಪ್ರಶ್ನೆ, ತೂಕ ಇಮ್ಮಡಿಯಾದರೆ ಖರ್ಚೂ ಇಮ್ಮಡಿಯಾಗುತ್ತದೆಯೇ ಎಂಬುದು. ನಡಿಗೆಯಲ್ಲಿ ಹೆಚ್ಚುಕಡಿಮೆ ಹೌದು. 92 ಕಿಲೋವನ್ನು ಐದು ಕಿಲೋಮೀಟರು ಸಾಗಿಸುವುದಕ್ಕೆ 58 ಕಿಲೋ ಸಾಗಿಸುವುದಕ್ಕಿಂತ ಆ ಅನುಪಾತದಲ್ಲೇ ಹೆಚ್ಚು ಬೇಕು. ಅರ್ಧ ಕ್ಯಾಲೊರಿಯ ಲೆಕ್ಕದಲ್ಲಿ ಭಾವನಿಗೆ 230, ನನಗೆ 145. ಈ ವಿಷಯದಲ್ಲಿ ಭಾವ ನಗುವುದು ನ್ಯಾಯವೇ.

ಕೂತಾಗ ಮಾತ್ರ ಹಾಗಲ್ಲ. 1990ರಲ್ಲಿ ಮಿಫ್ಲಿನ್ ಮತ್ತು ಸೇಂಟ್ ಜಿಯೋರ್ ಎಂಬವರ ತಂಡ ಅಮೆರಿಕದಲ್ಲಿ ಸುಮಾರು ಐನೂರು ಜನರ ಉಸಿರು ಅಳೆದು ಒಂದು ಸೂತ್ರ ಕೊಟ್ಟಿತು. ಕಿಲೋದಲ್ಲಿ ತೂಕವನ್ನು 10ರಿಂದ ಗುಣಿಸಿ, ಸೆಂಟಿಮೀಟರಿನಲ್ಲಿ ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದು ಪಟ್ಟನ್ನು ಕಳೆದು, ಗಂಡಸಾದರೆ 5 ಕೂಡಿಸಬೇಕು, ಹೆಂಗಸಾದರೆ 161 ಕಳೆಯಬೇಕು. ಬರುವುದು ದಿನವಿಡೀ ಸುಮ್ಮನೆ ಮಲಗಿದ್ದರೆ ಆಗುವ ಖರ್ಚು. ಭಾವ 170 ಸೆಂಟಿಮೀಟರು, ವಯಸ್ಸು 52. ಅವರಿಗೆ ಸುಮಾರು 1,730 ಬರುತ್ತದೆ. ನಾನು 165 ಸೆಂಟಿಮೀಟರು, 54. ನನಗೆ 1,350 ಹತ್ತಿರ. (ವಯಸ್ಸಿನಲ್ಲಿ ನಾನೇ ದೊಡ್ಡವನು. ಅಕ್ಕನ ಗಂಡ ನನಗಿಂತ ಚಿಕ್ಕವನಾದದ್ದು ಹೇಗೆ ಎಂದು ಕೇಳಬೇಡಿ, ಆಕೆ ದೊಡ್ಡಪ್ಪನ ಮಗಳು, ನನಗಿಂತ ಆರು ತಿಂಗಳು ದೊಡ್ಡವಳು, ಮದುವೆಯಾದದ್ದು ಅವಳ ಇಷ್ಟದಂತೆ.) ಗಂಟೆಗೆ ಭಾಗಿಸಿದರೆ ಭಾವನಿಗೆ 72, ನನಗೆ 56. ತೂಕದಲ್ಲಿ ಅವರು ನನ್ನ ಒಂದೂವರೆ ಪಟ್ಟಿಗೂ ಮೇಲೆ, ಕೂತಲ್ಲಿನ ಖರ್ಚಿನಲ್ಲಿ ಬರೀ ಕಾಲು ಭಾಗದಷ್ಟು ಹೆಚ್ಚು. ಮೆಟ್ ಒಪ್ಪಂದವೋ ಗಂಟೆಗೆ ಕಿಲೋಗೊಂದು ಎಂದು ಭಾವನಿಗೆ 92 ಕೊಟ್ಟುಬಿಡುತ್ತದೆ. ನನ್ನ ಗಾತ್ರದವರಿಗೆ ಹೆಚ್ಚುಕಡಿಮೆ ಸರಿಹೋಗುವ ಅಂಗಿಯನ್ನು ಭಾವನಿಗೂ ಹೊಲಿದರೆ ಆಗುವ ಪಾಡು ಇದು.

ಏಕೆ ಹೀಗೆ? ಮೈಯಲ್ಲಿ ಯಾವುದು ಉರಿಯುತ್ತದೆ ಎಂದು ಒಳಗೆ ಹೋಗಿ ನೋಡಿದರೆ ತಿಳಿಯುತ್ತದೆ. ಹೃದಯ ಮತ್ತು ಮೂತ್ರಪಿಂಡಗಳು ಒಂದು ಕಿಲೋಗೆ ದಿನಕ್ಕೆ ಸುಮಾರು 440 ಕ್ಯಾಲೊರಿ ತಿನ್ನುತ್ತವೆ. ಮೆದುಳು ಸುಮಾರು 240, ಪಿತ್ತಕೋಶದ ಪಕ್ಕದ ಯಕೃತ್ತು ಸುಮಾರು 200. ಸುಮ್ಮನಿರುವ ಸ್ನಾಯು ಬರೀ 13. ಕೊಬ್ಬು ನಾಲ್ಕೂವರೆ. ತೂಕ ಏರುವಾಗ ಮೆದುಳು ಏರುವುದಿಲ್ಲ, ಏರುವುದರಲ್ಲಿ ಬಹುಪಾಲು ಈ ಕೊನೆಯ ಬಾಬ್ತು. ಒಂದು ಕಿಲೋ ನಾನೂರು ಗ್ರಾಮಿನ ಮೆದುಳೊಂದೇ ದಿನಕ್ಕೆ ಮುನ್ನೂರು ಚಿಲ್ಲರೆ ಕ್ಯಾಲೊರಿ ಉರಿಸುತ್ತದೆ, ಭಾವನದೂ ನನ್ನದೂ ಅದರಲ್ಲಿ ಸರಿಸಮ ಎಂದು ನಾನು ಹೇಳಿದಾಗ, ಕಾಫಿ ತಂದಿಟ್ಟ ಅಕ್ಕ "ಉರಿಸೋದು ಸರಿಸಮ ಇರಬಹುದು" ಎಂದು ಅಷ್ಟಕ್ಕೇ ನಿಲ್ಲಿಸಿ ಒಳಗೆ ಹೋದಳು.

ಕಿಲೋಗೆ ಒಂದು ಎಂಬ ಆ ಗುಂಡು ಅಂಕಿ ಎಲ್ಲಿಂದ ಬಂತು ಎಂದು ಹುಡುಕಿದವರೂ ಇದ್ದಾರೆ. ಅದರ ಮೂಲದಲ್ಲಿರುವುದು 70 ಕಿಲೋ ತೂಕದ, ನಲವತ್ತರ ವಯಸ್ಸಿನ ಒಬ್ಬ ಗಂಡಸು ಎನ್ನುತ್ತಾರೆ. 2005ರಲ್ಲಿ ಬರ್ನ್ ಮತ್ತು ಸಂಗಡಿಗರು 769 ಜನರನ್ನು ಕೂರಿಸಿ ಅಳೆದರು. 35 ಕಿಲೋದಿಂದ 186 ಕಿಲೋವರೆಗಿನವರು ಅದರಲ್ಲಿದ್ದರು. ಸರಾಸರಿ ಬಂದದ್ದು ಒಂದು ಅಲ್ಲ, 0.84. ಹೆಸರಿಲ್ಲದ ಆ ನಲವತ್ತರ ಗಂಡಸು ಇಡೀ ಜಗತ್ತಿನ ಮಣಿಕಟ್ಟುಗಳ ಮೇಲೆ ಕೂತು ಇವತ್ತಿಗೂ ಸ್ವಲ್ಪ ಹೆಚ್ಚಿಗೆ ಬರೆಸುತ್ತಿದ್ದಾನೆ.

ನಮ್ಮ ಕಡೆಯವರಿಗೆ ಇದರಲ್ಲಿ ಇನ್ನೊಂದು ಎಳೆಯಿದೆ. ಪಶ್ಚಿಮದವರ ಸೂತ್ರಕ್ಕೆ ಭಾರತೀಯರನ್ನು ಹಾಕಿದರೆ ಉತ್ತರ ನಿಜಕ್ಕಿಂತ ಹೆಚ್ಚಿಗೆ ಬರುತ್ತದೆ ಎಂಬುದು ಪೋಷಣಾ ವಿಜ್ಞಾನಿಗಳಿಗೆ ಬಹಳ ಹಿಂದೆಯೇ ಗೊತ್ತಿತ್ತು. ಭಾರತೀಯ ಮೈಯೇ ನಿಧಾನವಾಗಿ ಉರಿಯುವಂಥದೇ, ಬಿಸಿಲಿಗೆ ಹೊಂದಿಕೊಂಡದ್ದೇ ಎಂದೆಲ್ಲ ಊಹೆಗಳಿದ್ದವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೊ ಸೋರೆಸ್ ಮೊದಲಾದವರು ಇದನ್ನು ಅಳೆಯುತ್ತಾ ಬಂದರು. ಭಾರತದ ಮತ್ತು ಆಸ್ಟ್ರೇಲಿಯಾದ ಅಳತೆಗಳನ್ನು ಜೊತೆಗಿಟ್ಟು 1998ರಲ್ಲಿ ಅವರು ಹೇಳಿದ್ದು ಇಷ್ಟು: ಕೊಬ್ಬನ್ನು ಬಿಟ್ಟು ಉಳಿದ ಮೈತೂಕವನ್ನು ಲೆಕ್ಕಕ್ಕೆ ಹಿಡಿದರೆ ಜನಾಂಗದ ವ್ಯತ್ಯಾಸಕ್ಕೆ ಪುರಾವೆಯಿಲ್ಲ. ನಮ್ಮ ಬೆಂಕಿ ಮಂದವಲ್ಲ, ಸೌದೆ ಕಡಿಮೆ. ಒಂದೇ ತೂಕದೊಳಗೆ ನಮ್ಮಲ್ಲಿ ಸ್ನಾಯುವಿನ ಪಾಲು ಕಡಿಮೆ, ಕೊಬ್ಬಿನ ಪಾಲು ಹೆಚ್ಚು.

ಇದನ್ನು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ತಮ್ಮ ಮೈಯನ್ನೇ ಒತ್ತೆಯಿಟ್ಟು ತೋರಿಸಿಕೊಟ್ಟಿದ್ದಾರೆ. 2004ರಲ್ಲಿ ಅವರೂ ಇಂಗ್ಲೆಂಡಿನ ವೈದ್ಯ ಜಾನ್ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತ ಚಿತ್ರವೊಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿ.ಎಂ.ಐ. ಒಂದೇ, 22.3. ಮೈಯಲ್ಲಿ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ನೂರಕ್ಕೆ 9.1, ಯಾಜ್ಞಿಕರಿಗೆ 21.2. ಈ ಇಬ್ಬರೂ ಒಂದೇ ಅಂಗಡಿಯಲ್ಲಿ ಗಡಿಯಾರ ಕೊಂಡು ತೂಕ, ಎತ್ತರ ತುಂಬಿಸಿದರೆ, ಅದರ ಕಣ್ಣಿಗೆ ಇಬ್ಬರೂ ಒಂದೇ ಅಚ್ಚು. ಗಡಿಯಾರ ಗಾತ್ರವನ್ನು ಕೇಳುತ್ತದೆ, ಗಾತ್ರ ಯಾವುದರಿಂದ ಆಗಿದೆ ಎಂದು ಕೇಳುವುದಿಲ್ಲ. ನಾನು 58 ಕಿಲೋ ಇದ್ದೇನೆಂದು ಬೀಗುವುದೂ ಇಲ್ಲಿಗೆ ಮುಗಿಯಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಬೆಲ್ಟಿನ ಆಚೆ ಇಣುಕುವ ನಮ್ಮಂಥವರಿಗೆ 1,350 ಎಂಬುದೂ ಸ್ವಲ್ಪ ಉದಾರವಾದ ಅಂಕಿಯೇ.

ಈಗ ಪಕ್ಕಕ್ಕಿಟ್ಟ 262. ಅದನ್ನು ಮೂರೂವರೆಯಿಂದ ಭಾಗಿಸಿದೆ. 75 ಬಂತು. ಭಾವ 75 ಕಿಲೋ ಇದ್ದದ್ದು ಅವರ ಮದುವೆಯ ಕಾಲಕ್ಕೆ. ಅದಕ್ಕೆ ಸಾಕ್ಷಿಯಾಗಿ ನಡುಮನೆಯ ಗೋಡೆಯ ಮೇಲೆ ಪಟವಿದೆ. "ಫೋನಿನಲ್ಲಿ ತೂಕ ಎಷ್ಟು ಅಂತ ಹಾಕಿದ್ದೀರಿ ಭಾವ?" ಎಂದೆ. "ಎಷ್ಟು ಇಳಿಸಬೇಕು ಅಂತಿದ್ದೀನೋ ಅಷ್ಟು ಹಾಕಿದ್ದೀನಿ. ಗುರಿ ಇರಬೇಕಲ್ಲಯ್ಯಾ ಮನುಷ್ಯನಿಗೆ" ಎಂದರು.

ಇಲ್ಲಿ ಒಂದು ತಮಾಷೆ ನಡೆದಿದೆ. ಭಾವನ ನಡಿಗೆಯ ಹೆಚ್ಚುವರಿ ಖರ್ಚು ನಿಜವಾಗಿ 230 ಸುಮಾರು ಎಂದೆವಲ್ಲ. ನಿಜವಾದ ತೂಕ ಹಾಕಿದ್ದರೆ ಗಡಿಯಾರ 322 ಹೇಳಿ 92ರಷ್ಟು ಮೇಲೆ ಹಾರುತ್ತಿತ್ತು. ಸುಳ್ಳು ತೂಕ ಹಾಕಿದ್ದರಿಂದ 262ಕ್ಕೆ ಇಳಿದು ನಿಜಕ್ಕೆ 32ರಷ್ಟು ಹತ್ತಿರ ಬಂದು ನಿಂತಿದೆ. ನಾನು ಪ್ರಾಮಾಣಿಕವಾಗಿ 58 ಎಂದು ತುಂಬಿ 58ರಷ್ಟು ಹೆಚ್ಚು ಪಡೆದೆ. ಹಾಗೆಂದು ಒಟ್ಟು ಖರ್ಚನ್ನು ಕೇಳುವವರಿಗೆ ಕತೆ ತಿರುಗಿಬೀಳುತ್ತದೆ. ನಡಿಗೆಯ 230ಕ್ಕೆ ಕೂತಲ್ಲಿನ 72 ಸೇರಿದರೆ 302. ಅದಕ್ಕೆ ಹೋಲಿಸಿದರೆ ಭಾವನ 262 ಕಡಿಮೆಯಾಯಿತು. ಒಂದೇ ಅಂಕಿ, ಒಂದು ಪ್ರಶ್ನೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಗಡಿಯಾರ ಹೆಚ್ಚು ತೋರಿಸುತ್ತದೋ ಕಡಿಮೆ ತೋರಿಸುತ್ತದೋ ಎಂದು ಜಗಳವಾಡುವ ಕೆರೆಯ ಏರಿಯ ಗುಂಪುಗಳಲ್ಲಿ ಎರಡೂ ಪಕ್ಷದವರು ಸರಿಯಿರುವುದು ಹೀಗೆ.

ಇಲ್ಲಿಯವರೆಗೆ ಹಸಿರು ದೀಪ ಸುಮ್ಮನಿತ್ತು. ವ್ಯಾಯಾಮ ಎಂಬ ಗುಂಡಿ ಒತ್ತಿದರೆ ಬೆಲೆಬಾಳುವ ಗಡಿಯಾರಗಳು ಹೆಜ್ಜೆಗಿಂತ ನಾಡಿಗೆ ಹೆಚ್ಚು ಮರ್ಯಾದೆ ಕೊಡುತ್ತವೆ. ನಾಡಿಯಿಂದ ಕ್ಯಾಲೊರಿ ಹೇಳುವ ಸೂತ್ರಗಳಲ್ಲಿ ಬಹಿರಂಗವಾಗಿ ಸಿಗುವ ಒಂದು ದಕ್ಷಿಣ ಆಫ್ರಿಕಾದ ಕೀಟೆಲ್ ಮತ್ತು ಸಂಗಡಿಗರದು, 2005ರದು. ಅದಕ್ಕಾಗಿ ಪರೀಕ್ಷೆಗೆ ನಿಂತವರು ನಿಯಮಿತವಾಗಿ ವ್ಯಾಯಾಮ ಮಾಡುವ, ಹದಿನೆಂಟರಿಂದ ನಲವತ್ತೈದರೊಳಗಿನ ನೂರು ಚಿಲ್ಲರೆ ಜನ. ಅದನ್ನು ಈಗ ನಿವೃತ್ತರೂ ಬಳಸುತ್ತಾರೆ, ಮಂಡಿಯ ಚೀಲ ಕಟ್ಟಿಕೊಂಡವರೂ ಬಳಸುತ್ತಾರೆ. ಕೆರೆಯ ಏರಿಯ ಮೇಲೆ ಭಾವನ ಎದೆ ನಿಮಿಷಕ್ಕೆ 120 ಬಡಿಯುತ್ತದೆ. ಸೂತ್ರಕ್ಕೆ ಹಾಕಿದರೆ ಅದೇ ಒಂದು ಗಂಟೆಯ ನಡಿಗೆಗೆ ಏಳುನೂರು ಕ್ಯಾಲೊರಿ ಬರುತ್ತದೆ! ಸೂತ್ರ ಕಲಿತದ್ದು ಪಳಗಿದ ಮೈಗಳಿಂದ; ಅಂಥವರ ಎದೆ 120ಕ್ಕೆ ಏರಿದರೆ ಅವರು ನಿಜಕ್ಕೂ ಜೋರಾಗಿ ಕೆಲಸ ಮಾಡುತ್ತಿರುತ್ತಾರೆ. ಅಭ್ಯಾಸವಿಲ್ಲದ ಎದೆ ಸಣ್ಣ ಕೆಲಸಕ್ಕೂ ಜೋರಾಗಿ ಬಡಿಯುತ್ತದೆ, ಒಂದೊಂದು ಬಡಿತಕ್ಕೆ ಸಾಗಿಸುವ ಆಮ್ಲಜನಕ ಕಡಿಮೆ. ಗಡಿಯಾರ ಆ ಏದುಸಿರನ್ನು ದುಡಿಮೆ ಎಂದು ಓದುತ್ತದೆ. ಒಳ್ಳೆಯ ಗಡಿಯಾರಗಳು ಕೆಲವು ವಾರ ನೋಡಿ ಇದನ್ನು ಒಂದಿಷ್ಟು ತಿದ್ದಿಕೊಳ್ಳುತ್ತವೆ.

ಈ ಸೂತ್ರದಲ್ಲಿ ತೂಕ ಬರುವ ಜಾಗವನ್ನು ಓದಿ ನಾನು ಎರಡು ಸಲ ಕನ್ನಡಕ ಒರೆಸಿಕೊಂಡೆ. ಗಂಡಸರಿಗೆ ತೂಕ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಹೆಂಗಸರಿಗೆ ತೂಕದ ಮುಂದೆ ಋಣ ಚಿಹ್ನೆಯಿದೆ. ಐವತ್ತು ವಯಸ್ಸು, ನಿಮಿಷಕ್ಕೆ 120 ಬಡಿತ ಎಂದಿಟ್ಟುಕೊಂಡರೆ, 52 ಕಿಲೋದ ಹೆಂಗಸಿಗೆ ಅರ್ಧ ಗಂಟೆಗೆ ಸುಮಾರು 218 ಕ್ಯಾಲೊರಿ, 72 ಕಿಲೋದವಳಿಗೆ 200. ಪರೀಕ್ಷೆಗೆ ಬಂದ ಹೆಂಗಸರಲ್ಲಿ ತೂಕ ಹೆಚ್ಚಿದ್ದವರು ಬಹುಶಃ ಅಷ್ಟು ಪಳಗಿದವರಾಗಿರಲಿಲ್ಲ, ಒಂದೇ ಬಡಿತಕ್ಕೆ ಅವರ ಕೆಲಸ ಕಡಿಮೆಯಿತ್ತು. ಆ ಗುಂಪಿನ ಗುಣ ಸೂತ್ರದಲ್ಲಿ ಹಾಗೇ ಅಂಟಿಕೊಂಡಿತು. ಅಕ್ಕನಿಗೆ ಇದನ್ನು ಓದಿ ಹೇಳಿದೆ. "ಭಾರ ಹೊರೋಳು ನಾನು, ಲೆಕ್ಕ ಕಡಿಮೆ ಬರೋದೂ ನನಗೇನೇ" ಎಂದಳು. ಅವಳಿಗೆ ಇನ್ನೂ ಒಂದು ಅನ್ಯಾಯವಿದೆ. ರಕ್ತದೊತ್ತಡಕ್ಕೆ ಅವಳು ನುಂಗುವ ಮಾತ್ರೆ ಬೀಟಾ ಬ್ಲಾಕರ್ ಜಾತಿಯದು, ಎದೆಬಡಿತವನ್ನು ಏರಗೊಡುವುದಿಲ್ಲ. ಎಷ್ಟು ಬೆವರಿದರೂ ನಾಡಿ ನೋಡುವ ಗಡಿಯಾರಕ್ಕೆ ಅವಳು ಆರಾಮವಾಗಿ ಕೂತವಳೇ.

ಭಾವನ ಕತೆ ತದ್ವಿರುದ್ಧ. ಅವರಿಗೆ ಗುಂಡಿ ಒತ್ತುವುದು ನೆನಪಿರುತ್ತದೆ, ಆರಿಸುವುದು ಮರೆಯುತ್ತದೆ. ಕ್ರಿಕೆಟ್ಟಿನ ಕೊನೆಯ ಓವರುಗಳಲ್ಲಿ ಸೋಫಾದ ಮೇಲೆ ಕೂತವನ ಎದೆ 95 ಬಡಿದರೆ, ಅದೇ ಸೂತ್ರ ನನ್ನ ಗಾತ್ರದವನಿಗೆ ಗಂಟೆಗೆ 390 ಕ್ಯಾಲೊರಿ ಕೊಡುತ್ತದೆ. ನಿಜವಾದ ಖರ್ಚು ಎಪ್ಪತ್ತು ದಾಟಿರಲಾರದು. ಮೇ ತಿಂಗಳ ಕಲಬುರಗಿಯ ಸೆಖೆ, ಎರಡನೆಯ ಲೋಟ ಫಿಲ್ಟರ್ ಕಾಫಿ, ಬಾಡಿಗೆದಾರನ ಜೊತೆ ವಾದ, ಎಲ್ಲವೂ ಎದೆಯನ್ನು ಏರಿಸುತ್ತವೆ, ಯಾವುದೂ ಆ ಪ್ರಮಾಣದಲ್ಲಿ ಆಮ್ಲಜನಕ ಬೇಡುವುದಿಲ್ಲ. ಗುಂಡಿ ಒತ್ತದಿದ್ದರೆ ಗಡಿಯಾರ ಕೈ ಅಲುಗಿತೇ ಎಂದು ನೋಡಿ ಇಂಥ ಬಡಿತವನ್ನು ಬಹುಮಟ್ಟಿಗೆ ಕಡೆಗಣಿಸುತ್ತದೆ.

ಆದರೆ ಕೈ ನೋಡಿ ಕಾಲಿನ ಲೆಕ್ಕ ಹೇಳುವುದರಲ್ಲಿ ಇನ್ನೊಂದು ಪೇಚು. ಭಜನೆಯಲ್ಲಿ ತಾಳ ಹಾಕಿದರೆ ಹೆಜ್ಜೆ ಬೀಳುತ್ತವೆ, ಚಪಾತಿ ಲಟ್ಟಿಸಿದರೆ ಬೀಳುತ್ತವೆ. ಮಾಲ್‌ನಲ್ಲಿ ತಳ್ಳುಗಾಡಿಯ ಹಿಡಿಕೆ ಹಿಡಿದು ಅರ್ಧ ಗಂಟೆ ಸುತ್ತಿದರೆ ಕೈ ಅಲುಗದೆ ಹೆಜ್ಜೆಗಳು ಮಾಯ. ಇಪ್ಪತ್ತು ಲೀಟರಿನ ನೀರಿನ ಕ್ಯಾನು ಹೆಗಲ ಮೇಲಿಟ್ಟು ಮೂರನೆಯ ಮಹಡಿಗೆ ಹತ್ತುವ ಹುಡುಗನ ಕೈಯಲ್ಲಿ ಗಡಿಯಾರವಿದ್ದರೆ, ಅದಕ್ಕೆ ಅವನ ತೂಕ ಫೋನಿನಲ್ಲಿರುವಷ್ಟೇ, ಕ್ಯಾನಿನ ಇಪ್ಪತ್ತು ಕಿಲೋ ಅದಕ್ಕೆ ಕಾಣುವುದಿಲ್ಲ. ಏರುದಾರಿಯನ್ನೂ ಗಾಳಿಯ ಒತ್ತಡ ಅಳೆಯುವ ಅಥವಾ ಉಪಗ್ರಹ ನೋಡುವ ಗಡಿಯಾರವಷ್ಟೇ ಅರಿಯುತ್ತದೆ. ನೂರಕ್ಕೆ ಐದರಷ್ಟು ಏರಿದರೂ ಸಾಕು, ನಡಿಗೆಯ ಹೆಚ್ಚುವರಿ ಖರ್ಚು ಇಮ್ಮಡಿಯ ಹತ್ತಿರ ಹೋಗುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದ ದಿನ ನನ್ನ ಅಗ್ಗದ ಪಟ್ಟಿ ಅದನ್ನು ನಿಧಾನದ ನಡಿಗೆ ಎಂದು ಬರೆದುಕೊಂಡಿತು. ನನ್ನ ತೊಡೆಗಳಿಗೆ ಮಾತ್ರ ಮೂರು ದಿನ ಬೇರೆ ಅಭಿಪ್ರಾಯವಿತ್ತು.

2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅರವತ್ತು ಜನರಿಗೆ ಏಳು ಬಗೆಯ ಗಡಿಯಾರಗಳನ್ನು ಕಟ್ಟಿ, ಮುಖಕ್ಕೆ ಮುಸುಕು ಹಾಕಿ, ನಡೆಸಿ, ಓಡಿಸಿ, ಸೈಕಲ್ ತುಳಿಸಿ ನೋಡಿದರು. ಏಳರಲ್ಲಿ ಆರು ಎದೆಬಡಿತವನ್ನು ನೂರಕ್ಕೆ ಐದರೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಜಾಣ ಗಡಿಯಾರ ತಪ್ಪಿದ್ದು ನೂರಕ್ಕೆ 27, ದಡ್ಡ ಗಡಿಯಾರ 93. ಯಂತ್ರ ನೋಡಿದ್ದು ಸರಿಯಿದೆ, ನೋಡದೇ ಇದ್ದದ್ದನ್ನು ಊಹಿಸುವಾಗ ಎಡವಿದೆ.

ಮನೆಯಲ್ಲೇ ಪರೀಕ್ಷಿಸುವವರಿಗೆ ಒಂದು ಕಳೆಯುವ ಲೆಕ್ಕ ಸಾಕು. ದಿನದ ಕೊನೆಗೆ ಗಡಿಯಾರ ತೋರಿಸುವ ಒಟ್ಟು ಕ್ಯಾಲೊರಿಯಲ್ಲಿ ಚಟುವಟಿಕೆಯದನ್ನು ಕಳೆದರೆ, ನೀವು ಸುಮ್ಮನಿದ್ದರೂ ಎಷ್ಟು ಉರಿಯುತ್ತೀರೆಂದು ಅದು ನಂಬಿದೆಯೋ ಆ ಅಂಕಿ ಸಿಗುತ್ತದೆ. ಅದನ್ನು ಮಿಫ್ಲಿನ್ ತಂಡದ ಸೂತ್ರದ ಜೊತೆ ಇಟ್ಟು ನೋಡಿ. ಬಹಳ ದೂರವಿದ್ದರೆ ತೂಕವೋ ವಯಸ್ಸೋ ತಪ್ಪು ತುಂಬಿದೆ ಎಂದರ್ಥ. ಚಟುವಟಿಕೆಯ ಅಂಕಿಯನ್ನು ಹಿಡಿಯುವುದಕ್ಕೆ ಮಾತ್ರ ತಾಳ್ಮೆ ಬೇಕು. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ಊಟ ಇದ್ದಂತೆಯೇ ಇದ್ದು, ಇಲ್ಲದಿದ್ದ ನಡಿಗೆ ಹೊಸದಾಗಿ ಶುರುವಾಗಿ, ಗಡಿಯಾರ ದಿನಕ್ಕೆ 300 ಎನ್ನುತ್ತಿದ್ದರೆ, ನಾಲ್ಕು ವಾರಕ್ಕೆ 8,400 ಆಯಿತು, ಒಂದು ಕಿಲೋಗೂ ಸ್ವಲ್ಪ ಹೆಚ್ಚು ಇಳಿಯಬೇಕು. ಅರ್ಧ ಕಿಲೋ ಮಾತ್ರ ಇಳಿದಿದ್ದರೆ ಉಳಿದರ್ಧ ಗಡಿಯಾರದ ಉದಾರತೆ, ಇಲ್ಲವೇ ನಾಲ್ಕು ಗಂಟೆಯ ಕೋಡುಬಳೆ. ಒಂದೇ ದಿನದ ತೂಕ ನಂಬಬಾರದು, ಹಿಂದಿನ ರಾತ್ರಿಯ ಉಪ್ಪಿನಕಾಯಿಯ ಉಪ್ಪು ನೀರು ಹಿಡಿದು ಕಿಲೋದಷ್ಟು ಆಚೀಚೆ ಮಾಡಬಲ್ಲದು. ವಾರದ ಸರಾಸರಿ ನೋಡಬೇಕು.

ನನ್ನ ಈ ತಾಳೆಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡವಳು ಅಕ್ಕ ಒಬ್ಬಳೇ. ಕೇಳಿ, ಭಾವನ ಫೋನು ತೆಗೆದುಕೊಂಡು, 75 ಅಳಿಸಿ 92 ಎಂದು ತುಂಬಿದಳು. ಮರುದಿನ ಕೆರೆ ಸುತ್ತಿ ಬಂದಾಗ ಭಾವನ ಗಡಿಯಾರ 322 ತೋರಿಸಿತು. ಅವರು ಅದನ್ನು ನನಗೆ ತೋರಿಸಿ, ಸುತ್ತಲಿದ್ದ ನಾಲ್ಕು ಜನಕ್ಕೂ ತೋರಿಸಿ, ಇವತ್ತು ಕಾಲು ಹೂವಿನ ಹಾಗಿತ್ತು ಎಂದರು. ಹೋಟೆಲಿನಲ್ಲಿ ಮಾಣಿ ಬಂದಾಗ, ಹೆಚ್ಚಿಗೆ ಬಂದ ಅರವತ್ತು ಕ್ಯಾಲೊರಿಯ ಧೈರ್ಯದ ಮೇಲೆ ದೋಸೆಗೆ ಇನ್ನೊಂದು ಮುದ್ದೆ ಬೆಣ್ಣೆ ಹಾಕಿಸಿಕೊಂಡರು.